"ಎಕ್ಸ್‌ಪೆಕ್ಟೇಷನ್ ಎಷ್ಟು?": ಆಫರ್‌ಗೆ ಮುನ್ನ ಬರುವ ಕರೆಗೆ ಏನು ಉತ್ತರಿಸಬೇಕು

ಕೊನೆಯ ಸುತ್ತಿನ ಸಂದರ್ಶನ ಮುಗಿದು ಎರಡು ಮೂರು ದಿನ ಆಗಿರುತ್ತದೆ. ಸಂಜೆ ಹೊತ್ತಿಗೆ, ನೀವು ಸಿಲ್ಕ್ ಬೋರ್ಡ್ ಬಳಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿರುವಾಗ ಎಚ್‌ಆರ್ ಕರೆ ಬರುತ್ತದೆ. "ಫೀಡ್‌ಬ್ಯಾಕ್ ಚೆನ್ನಾಗಿದೆ. ನಿಮ್ಮ ಎಕ್ಸ್‌ಪೆಕ್ಟೇಷನ್ ಎಷ್ಟು ಅಂತ ಹೇಳಿಬಿಡಿ, ಮುಂದಕ್ಕೆ ಕಳಿಸ್ತೀನಿ." ಬಾಯಿಗೆ ಬಂದ ಒಂದು ಅಂಕಿ ಹೇಳಿ ಫೋನ್ ಇಡುತ್ತೀರಿ. ಆಫರ್ ಲೆಟರ್ ಬಂದ ಮೇಲೆ ಎಷ್ಟೇ ಜಗ್ಗಾಡಿದರೂ ಆ ಅಂಕಿಯಿಂದ ಮೇಲೇಳುವುದು ಕಷ್ಟ.

ಕಾರಣ "ಮುಂದಕ್ಕೆ ಕಳಿಸ್ತೀನಿ" ಎಂಬ ಮಾತಿನಲ್ಲೇ ಇದೆ. ಸ್ವಲ್ಪ ದೊಡ್ಡ ಕಂಪನಿಗಳಲ್ಲಿ ಸಂಬಳ ನಿರ್ಧರಿಸುವುದು ನಿಮ್ಮ ಜೊತೆ ಮಾತಾಡುವ ರಿಕ್ರೂಟರ್ ಅಲ್ಲ. ಅವರು ಒಂದು ಅನುಮೋದನೆ ಫಾರ್ಮ್ ತುಂಬುತ್ತಾರೆ. ಅದರಲ್ಲಿ ನಿಮ್ಮ ಈಗಿನ ಸಂಬಳ, ನೀವು ಕೇಳಿದ್ದು, ಕಂಪನಿ ಕೊಡಬಹುದಾದ್ದು ಎಂದು ಮೂರು ಅಂಕಿಗಳಿರುತ್ತವೆ. ಫಾರ್ಮ್ ಮ್ಯಾನೇಜರ್ ಬಳಿಗೂ ಸಂಬಳದ ಲೆಕ್ಕ ನೋಡುವ ತಂಡದ ಬಳಿಗೂ ಹೋಗುತ್ತದೆ. ನೀವು ಕೇಳಿದ್ದಕ್ಕಿಂತ ಕಡಿಮೆ ಕೊಡಲು ಮತ್ತೆ ಯಾರ ಒಪ್ಪಿಗೆಯೂ ಬೇಕಿಲ್ಲ. ಹೆಚ್ಚು ಕೊಡಬೇಕೆಂದರೆ ಫಾರ್ಮ್ ಮತ್ತೆ ಮೊದಲಿನಿಂದ ಸುತ್ತಬೇಕು, ಯಾಕೆ ಹೆಚ್ಚಾಯಿತೆಂದು ರಿಕ್ರೂಟರ್ ಬರೆದು ವಿವರಿಸಬೇಕು. ಹಾಗಾಗಿ ಅವತ್ತು ನೀವು ಹೇಳಿದ ಅಂಕಿಯೇ ಹೆಚ್ಚುಕಡಿಮೆ ಮೇಲ್ಮಿತಿ ಆಗಿಬಿಡುತ್ತದೆ.

ಇನ್ನೊಂದು ವಿಷಯ. ಈ ಪ್ರಶ್ನೆ ಬಂದ ಮಾತ್ರಕ್ಕೆ ಆಯ್ಕೆ ಆಯಿತೆಂದು ಅರ್ಥವಲ್ಲ. ಕೊನೆಗೆ ಉಳಿದ ಇಬ್ಬರು ಮೂವರ ಅಂಕಿಗಳನ್ನು ಒಟ್ಟಿಗೆ ತೆಗೆದುಕೊಂಡು ಹೋಲಿಸುವುದೂ ಉಂಟು. ಅದನ್ನು ನೇರವಾಗಿ ಕೇಳಿದರೆ ತಪ್ಪಿಲ್ಲ: "ಮೇಡಂ, ಟೆಕ್ನಿಕಲ್ ಕಡೆಯಿಂದ ಎಲ್ಲ ಮುಗಿದಿದೆಯಾ, ಇನ್ನೂ ಬೇರೆಯವರನ್ನು ನೋಡ್ತಿದ್ದೀರಾ?" ಉತ್ತರ ತಡವರಿಸಿದರೆ ಮುಂದಿನ ಮಾತನ್ನು ಅಳೆದು ಆಡಬಹುದು.

ಮೊದಲು ಮನೆಯಲ್ಲಿ ಕೂತು ಮಾಡುವ ಲೆಕ್ಕ

ಕರೆ ಬರುವ ಮುನ್ನ, ಅಂದರೆ ಕೊನೆಯ ಸಂದರ್ಶನದ ದಿನ ರಾತ್ರಿಯೇ ಲೆಕ್ಕ ಸಿದ್ಧವಿರಬೇಕು. ಬೆಂಗಳೂರಿನಲ್ಲಿ ಎಲ್ಲರೂ ಮಾತಾಡುವುದು ಸಿಟಿಸಿಯಲ್ಲಿ. ಮೋಸ ಹೋಗುವುದೂ ಅಲ್ಲೇ. ಸಿಟಿಸಿ ಎಂದರೆ ಕಂಪನಿ ನಿಮ್ಮ ಮೇಲೆ ಮಾಡುವ ಒಟ್ಟು ಖರ್ಚು. ನಿಮ್ಮ ಕೈಗೆ ಬಾರದ ಹಣವೂ ಬರಬಹುದಾದ ಹಣವೂ ಅದರೊಳಗೇ ಸೇರಿರುತ್ತದೆ.

ಒಂದು ಉದಾಹರಣೆ ನೋಡೋಣ. ಐದು ವರ್ಷ ಅನುಭವವಿರುವ ಬ್ಯಾಕೆಂಡ್ ಎಂಜಿನಿಯರ್, ವಾಸ ವಿಜಯನಗರ. ಈಗಿನ ಸಿಟಿಸಿ 16 ಲಕ್ಷ. ಹೊಸ ಕಂಪನಿ ವೈಟ್‌ಫೀಲ್ಡ್‌ನಲ್ಲಿದೆ. ಅವರು "20" ಎಂದು ಹೇಳಿದರು, ಕಂಪನಿ 20ಕ್ಕೆ ಒಪ್ಪಿತು ಎಂದಿಟ್ಟುಕೊಳ್ಳಿ. ಕೇಳುವುದಕ್ಕೆ ಶೇ. 25ರಷ್ಟು ಏರಿಕೆ. ವೇರಿಯಬಲ್ ಎಂದರೆ ಕೆಲಸದ ಫಲಿತಾಂಶ ನೋಡಿ ಕೊಡುವ ಪಾಲು, ಫಿಕ್ಸೆಡ್ ಎಂದರೆ ಸಿಟಿಸಿಯಲ್ಲಿ ವೇರಿಯಬಲ್ ಮತ್ತು ಬೋನಸ್ ಕಳೆದು ಉಳಿಯುವುದು. ಆಫರ್ ಬಿಡಿಸಿ ನೋಡಿದರೆ ಹೀಗಿರಬಹುದು (ರೂಪಾಯಿಗಳಲ್ಲಿ, ವರ್ಷಕ್ಕೆ):

| | ಈಗಿನ ಕೆಲಸ | ಹೊಸ ಆಫರ್ |
|---|---|---|
| ಸಿಟಿಸಿ | 16,00,000 | 20,00,000 |
| ವೇರಿಯಬಲ್ | 1,60,000 | 3,00,000 |
| ಜಾಯಿನಿಂಗ್ ಬೋನಸ್ | ಇಲ್ಲ | 1,00,000 |
| ಉಳಿದ ಫಿಕ್ಸೆಡ್ | 14,40,000 | 16,00,000 |
| ಕಂಪನಿಯ ಪಿಎಫ್ ಪಾಲು | 21,600 | 96,000 |
| ಗ್ರಾಚ್ಯುಯಿಟಿ | 34,632 | 38,480 |
| ವಿಮೆಯ ಕಂತು | 12,000 | 15,000 |
| ನಿಮ್ಮ ಪಿಎಫ್ ಪಾಲು | 21,600 | 96,000 |
| ಆದಾಯ ತೆರಿಗೆ, ಸೆಸ್ ಸೇರಿ | 77,496 | 89,781 |
| ವೃತ್ತಿ ತೆರಿಗೆ | 2,500 | 2,500 |
| ತಿಂಗಳಿಗೆ ಕೈಗೆ | ಸುಮಾರು 1,05,800 | ಸುಮಾರು 1,05,200 |

ಸಿಟಿಸಿ ನಾಲ್ಕು ಲಕ್ಷ ಏರಿದೆ, ತಿಂಗಳ ಕೊನೆಗೆ ಖಾತೆಗೆ ಬೀಳುವುದು ಮಾತ್ರ 600 ರೂಪಾಯಿ ಇಳಿದಿದೆ. ಇದು ಕಣ್ಕಟ್ಟಲ್ಲ, ಪ್ರತಿ ಸಾಲಿಗೂ ಕಾರಣವಿದೆ. ಹಳೆಯ ಕಂಪನಿ ಪಿಎಫ್ ಅನ್ನು ತಿಂಗಳಿಗೆ 15,000 ರೂಪಾಯಿ ಮಿತಿಯ ಮೇಲೆ ಮಾತ್ರ ಕಟ್ಟುತ್ತಿತ್ತು, ಅಂದರೆ ತಿಂಗಳಿಗೆ 1,800. ಹೊಸ ಕಂಪನಿ ಪೂರ್ತಿ ಬೇಸಿಕ್‌ನ, ಅಂದರೆ ಇಲ್ಲಿ ಫಿಕ್ಸೆಡ್‌ನ ಅರ್ಧದಷ್ಟಿರುವ ಮೂಲ ವೇತನದ, ಶೇ. 12 ಕಟ್ಟುತ್ತದೆ, ತನ್ನ ಪಾಲನ್ನೂ ಸಿಟಿಸಿಯೊಳಗೇ ಎಣಿಸುತ್ತದೆ. ಗ್ರಾಚ್ಯುಯಿಟಿ ಎಂದು ತೋರಿಸುವ ಬೇಸಿಕ್‌ನ ಶೇ. 4.81 ಭಾಗ ಕಾಯಂ ನೌಕರನಿಗೆ ಸಾಮಾನ್ಯವಾಗಿ ಐದು ವರ್ಷ ಪೂರೈಸಿದ ಮೇಲೆಯೇ ಸಿಗುವುದು. ಎರಡು ವರ್ಷಕ್ಕೆ ಕೆಲಸ ಬದಲಿಸುವವರಿಗೆ ಅದು ಕಾಗದದ ಮೇಲಿನ ಹಣ. ವೇರಿಯಬಲ್ ಪೂರ್ತಿ ಬರುತ್ತದೆಂಬ ಖಾತ್ರಿಯಿಲ್ಲ, ಜಾಯಿನಿಂಗ್ ಬೋನಸ್ ಒಂದೇ ಸಲ. ತೆರಿಗೆಯನ್ನು 2025-26ರ ಹೊಸ ಪದ್ಧತಿಯ ಹಂತಗಳ ಪ್ರಕಾರ, 75,000 ರೂಪಾಯಿ ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು ಹಾಕಿದೆ. ಎರಡೂ ಕಡೆ ವೇರಿಯಬಲ್ ಮತ್ತು ಜಾಯಿನಿಂಗ್ ಬೋನಸ್ ಹಣ ಲೆಕ್ಕಕ್ಕೆ ಹಿಡಿದಿಲ್ಲ.

ಪಿಎಫ್‌ಗೆ ಹೋದದ್ದು ನಿಮ್ಮದೇ ಹಣ, ಅದನ್ನು ಕಳೆದುಹೋಯಿತು ಎನ್ನುವಂತಿಲ್ಲ. ಆದರೆ ಬಾಡಿಗೆಯನ್ನೂ ಗೃಹಸಾಲದ ಕಂತನ್ನೂ ಪಿಎಫ್ ಪಾಸ್‌ಬುಕ್‌ನಿಂದ ಕಟ್ಟಲಾಗದು. ಆದ್ದರಿಂದ ಉತ್ತರ ಕೊಡುವಾಗ ಹೇಳಬೇಕಾದ ಅಂಕಿ ಸಿಟಿಸಿಯದ್ದಲ್ಲ, ಫಿಕ್ಸೆಡ್‌ನದ್ದು. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಮೂರು ಅಂಕಿ ಬರೆದಿಟ್ಟುಕೊಳ್ಳಿ

ಮೊದಲನೆಯದು ತಳದ ಅಂಕಿ. ಅದಕ್ಕಿಂತ ಕೆಳಗೆ ಇಳಿದರೆ ಕೆಲಸ ಬದಲಿಸಿ ಲಾಭವಿಲ್ಲ. ಇದನ್ನು "ಶೇ. 30 ಹೈಕ್ ಬೇಕು" ಎಂದು ಮೇಲಿನಿಂದ ಹಿಡಿಯಬೇಡಿ, ಮನೆ ಖರ್ಚಿನಿಂದ ಮೇಲಕ್ಕೆ ಬನ್ನಿ. ನಮ್ಮ ಎಂಜಿನಿಯರ್ ಈಗ ವಾರಕ್ಕೆ ಎರಡು ದಿನ ಮಾತ್ರ ಆಫೀಸಿಗೆ ಹೋಗುತ್ತಾರೆ. ಹೊಸ ಕಡೆ ಐದು ದಿನ. ನೇರಳೆ ಮಾರ್ಗದ ಮೆಟ್ರೋ ವಿಜಯನಗರದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲಿನಲ್ಲಿ ಮುಟ್ಟಿಸುತ್ತದೆ, ನಿಜ. ಆದರೆ ನಿಲ್ದಾಣದಿಂದ ಆಫೀಸಿನವರೆಗಿನ ಆಟೋ, ಮಧ್ಯಾಹ್ನದ ಊಟ, ಮಗುವನ್ನು ಸಂಜೆ ಡೇಕೇರ್‌ನಲ್ಲಿ ಎರಡು ಗಂಟೆ ಹೆಚ್ಚು ಬಿಡುವ ಖರ್ಚು ಎಲ್ಲ ಸೇರಿ ತಿಂಗಳಿಗೆ 8,000 ಹೆಚ್ಚಾಗುತ್ತದೆ ಎಂದಿಟ್ಟುಕೊಳ್ಳೋಣ. ಆಗ ಕೈಗೆ ಸುಮಾರು 1,14,000 ಬಂದರೆ ಇವತ್ತಿನ ಬದುಕೇ ಮುಂದುವರಿಯುತ್ತದೆ, ಅಷ್ಟೆ. ಹೊಸ ಕಂಪನಿಯ ಮೇಲಿನ ಮಾದರಿಯಲ್ಲೇ ಲೆಕ್ಕ ಹಾಕಿದರೆ ಕೈಗೆ ಅಷ್ಟು ಬರಲು ಫಿಕ್ಸೆಡ್ 17.5 ಲಕ್ಷ ಇರಬೇಕು. ಅದು ತಳ.

ಎರಡನೆಯದು ಗುರಿ. ಅದೇ ಹಂತದ ಕೆಲಸಕ್ಕೆ ಆ ಕಂಪನಿ ಎಷ್ಟು ಕೊಡುತ್ತಿದೆ ಎಂಬುದರಿಂದ ಇದನ್ನು ಹಿಡಿಯಬೇಕು. ಆಂಬಿಷನ್‌ಬಾಕ್ಸ್, ಗ್ಲಾಸ್‌ಡೋರ್‌ನಂಥ ತಾಣಗಳ ಸರಾಸರಿಯಲ್ಲಿ ಬೇರೆ ಬೇರೆ ವರ್ಷದ, ಬೇರೆ ಬೇರೆ ಊರಿನ ಅಂಕಿಗಳು ಬೆರೆತಿರಬಹುದು, ಫಿಕ್ಸೆಡ್ ಯಾವುದು ಸಿಟಿಸಿ ಯಾವುದು ಎಂಬುದೂ ಸ್ಪಷ್ಟವಿರುವುದಿಲ್ಲ. ಅದಕ್ಕಿಂತ ಆ ಕಂಪನಿಯಲ್ಲೇ ಇರುವ, ಕಳೆದ ಒಂದು ವರ್ಷದೊಳಗೆ ಸೇರಿದ ಒಬ್ಬರನ್ನು ಹುಡುಕಿ. "ನಿಂಗೆ ಎಷ್ಟು ಕೊಟ್ರು?" ಎಂದರೆ ಯಾರೂ ಹೇಳುವುದಿಲ್ಲ. "ಈ ಲೆವೆಲ್‌ಗೆ ಫಿಕ್ಸೆಡ್ 19 ಕೇಳಿದ್ರೆ ಜಾಸ್ತಿ ಆಗುತ್ತಾ?" ಎಂದು ಕೇಳಿದರೆ ಹೌದು ಅಥವಾ ಇಲ್ಲ ಎನ್ನುತ್ತಾರೆ, ನಿಮಗೆ ಬೇಕಾದ್ದೂ ಅಷ್ಟೇ. ನಮ್ಮ ಉದಾಹರಣೆಯಲ್ಲಿ ಗುರಿ 19 ಲಕ್ಷ ಎಂದಿರಲಿ. ಆಗ ಕೈಗೆ ತಿಂಗಳಿಗೆ ಸುಮಾರು 1,22,800 ಬರುತ್ತದೆ.

ಮೂರನೆಯದು ಬಾಯಿ ಬಿಟ್ಟು ಹೇಳುವ ಅಂಕಿ. ಗುರಿಗಿಂತ ಸ್ವಲ್ಪವೇ ಮೇಲೆ, ಇಲ್ಲಿ 20 ಲಕ್ಷ ಫಿಕ್ಸೆಡ್. ತುಂಬಾ ಮೇಲೆ ಹಾರಿ 26 ಎಂದರೆ ಚೌಕಾಸಿ ನಡೆಯುವುದಿಲ್ಲ, ಕರೆಯೇ ಬರುವುದಿಲ್ಲ. ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನ ಬೆಲೆ ಕೇಳುವ ರೀತಿ ಇಲ್ಲಿ ಹೊಂದುವುದಿಲ್ಲ, ಏಕೆಂದರೆ ಎದುರಿನವರಿಗೆ ಒಂದು ಬ್ಯಾಂಡ್, ಅಂದರೆ ಆ ಹಂತದ ಕೆಲಸಕ್ಕೆ ಗೊತ್ತುಮಾಡಿದ ಸಂಬಳದ ಮಿತಿ ಇದೆ, ಅದರಾಚೆ ಅವರ ಕೈ ಹೋಗದು.

ವ್ಯಾಪ್ತಿ ಹೇಳುವುದು ಒಳ್ಳೆಯದೆಂದು ಬಹಳ ಜನ ಭಾವಿಸುತ್ತಾರೆ. "18ರಿಂದ 21" ಎಂದರೆ ನಿಮ್ಮ ಕಿವಿಗೆ 21 ಕೇಳಿಸುತ್ತದೆ, ಫಾರ್ಮ್‌ನಲ್ಲಿ ಕೂರುವುದು 18. ಒಂದೇ ಅಂಕಿ ಹೇಳಿ. ವ್ಯಾಪ್ತಿ ಹೇಳಲೇಬೇಕಾದರೆ ಅದರ ಕೆಳತುದಿ ನಿಮ್ಮ ಗುರಿಯೇ ಆಗಿರಲಿ.

ಕರೆ ಬಂದಾಗ

ಟ್ರಾಫಿಕ್‌ನಲ್ಲಿದ್ದರೆ ಉತ್ತರ ಕೊಡಬೇಡಿ. "ಮೇಡಂ, ಗಾಡಿ ಓಡಿಸ್ತಿದ್ದೀನಿ, ಏಳು ಗಂಟೆಗೆ ನಾನೇ ಮಾಡ್ಲಾ?" ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ಮತ್ತೆ ಮಾತಾಡುವಾಗ ನಿಮ್ಮ ಅಂಕಿಗೆ ಮುಂಚೆ ಅವರ ಅಂಕಿಯನ್ನು ಒಮ್ಮೆ ಕೇಳಿ:

"ಈ ರೋಲ್ ಯಾವ ಲೆವೆಲ್‌ನಲ್ಲಿದೆ? ಅದಕ್ಕೆ ನಿಮ್ಮ ಬಜೆಟ್ ಎಷ್ಟು ಅಂತ ಗೊತ್ತಾದ್ರೆ ನನಗೂ ಹೇಳೋದು ಸುಲಭ. ವೇರಿಯಬಲ್ ಎಷ್ಟು ಪರ್ಸೆಂಟ್, ಪಿಎಫ್ ಪೂರ್ತಿ ಬೇಸಿಕ್ ಮೇಲಾ ಅಥವಾ 1,800ಕ್ಕೆ ನಿಲ್ಲುತ್ತಾ, ಅದನ್ನೂ ಹೇಳ್ತೀರಾ?"

ಕೆಲವರು ಹೇಳುತ್ತಾರೆ, ಕೆಲವರು "ಮೊದಲು ನೀವು ಹೇಳಿ" ಎನ್ನುತ್ತಾರೆ. ಒಂದು ಸಲ ಕೇಳಿದ್ದು ಸಾಕು. ಇಲ್ಲಿ ನಮ್ಮ ಅಭಿಪ್ರಾಯ ಅನೇಕ ಸಲಹೆಗಾರರದ್ದಕ್ಕಿಂತ ಬೇರೆ. ಕೊನೆಯವರೆಗೂ ಅಂಕಿ ಹೇಳದೆ ಜಾರಿಕೊಳ್ಳುವ ಆಟ ಬೆಂಗಳೂರಿನಲ್ಲಿ ಹೆಚ್ಚು ಹೊತ್ತು ನಡೆಯದು. ರಿಕ್ರೂಟರ್ ಮುಂದೆ ಆ ಕಾಲಂ ಖಾಲಿ ಇರುವವರೆಗೆ ಫೈಲ್ ಚಲಿಸುವುದಿಲ್ಲ, ಇಲ್ಲವೆ ನೀವು ಪೋರ್ಟಲ್‌ನಲ್ಲಿ ಎಂದೋ ತುಂಬಿದ ಹಳೆಯ ಅಂಕಿಯನ್ನೇ ಅಲ್ಲಿ ಹಾಕಿ ಕಳಿಸುತ್ತಾರೆ. ಎರಡನೆಯ ಸಲ ಕೇಳಿದಾಗ ಅಂಕಿ ಕೊಡಿ, ಅದರ ಜೊತೆಗೇ ಅದು ಏನೆಂದೂ ಹೇಳಿ:

"ಫಿಕ್ಸೆಡ್ 20 ಲಕ್ಷ ನೋಡ್ತಿದ್ದೀನಿ. ವೇರಿಯಬಲ್, ಜಾಯಿನಿಂಗ್ ಬೋನಸ್, ಷೇರು ಇದ್ರೆ ಅವು ಇದರ ಹೊರಗೆ. ಪೂರ್ತಿ ಬ್ರೇಕಪ್ ನೋಡಿದ ಮೇಲೆ ಅಂತಿಮವಾಗಿ ಹೇಳ್ತೀನಿ."

ಕೊನೆಯ ವಾಕ್ಯ ಬಿಡಬೇಡಿ. ಮುಂದೆ ಆಫರ್‌ನಲ್ಲಿ ಬಾಂಡ್ ಇದ್ದರೂ ಐದು ದಿನ ಆಫೀಸ್ ಎಂದು ಹೊಸದಾಗಿ ಬಂದರೂ ಮತ್ತೆ ಮಾತಾಡಲು ಅದೊಂದೇ ಬಾಗಿಲು. ಅಂಕಿ ಹೇಳಿದ ಮೇಲೆ ಸುಮ್ಮನಿರಿ. ಎದುರಿನ ಮೌನ ತಡೆಯಲಾಗದೆ "ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ನಡೆಯುತ್ತೆ" ಎಂದುಬಿಡುವುದು ನಮ್ಮೂರಿನ ದೊಡ್ಡ ದೌರ್ಬಲ್ಯ. ಆ ಒಂದು ವಾಕ್ಯಕ್ಕೆ ಲಕ್ಷ ರೂಪಾಯಿ ಹೋಗುತ್ತದೆ.

ಅದೇ ದಿನ ಮೇಲ್ ಹಾಕಿ. ಮಾತಿನಲ್ಲಿ ಹೇಳಿದ "ಫಿಕ್ಸೆಡ್ 20" ಎಂಬುದು ಎರಡು ಕೈ ದಾಟುವಷ್ಟರಲ್ಲಿ "20 ಸಿಟಿಸಿ" ಆಗುತ್ತದೆ. ಯಾರೂ ಬೇಕೆಂದೇ ಮಾಡುವುದಿಲ್ಲ, ನೀವು ಕೇಳಿದ್ದಕ್ಕೆ ಫಾರ್ಮ್‌ನಲ್ಲಿರುವುದು ಒಂದೇ ಕಾಲಂ. ಮೇಲ್ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ ಹೋಗುತ್ತದೆ, ತಿರುಳು ಹೀಗಿರಲಿ:

> ನಮಸ್ಕಾರ ಮೇಡಂ,
> ಇಂದು ಫೋನಿನಲ್ಲಿ ಮಾತಾಡಿದಂತೆ: ನನ್ನ ಈಗಿನ ಸಂಬಳ ಫಿಕ್ಸೆಡ್ 14.4 ಲಕ್ಷ, ವೇರಿಯಬಲ್ 1.6 ಲಕ್ಷ. ನನ್ನ ನಿರೀಕ್ಷೆ ಫಿಕ್ಸೆಡ್ 20 ಲಕ್ಷ. ವೇರಿಯಬಲ್ ಮತ್ತು ಒಂದೇ ಸಲ ಕೊಡುವ ಮೊತ್ತಗಳು ಇದರಲ್ಲಿ ಸೇರಿಲ್ಲ. ನೋಟಿಸ್ ಅವಧಿ 90 ದಿನ. ಏಪ್ರಿಲ್‌ಗೆ ಮುನ್ನ ಬಿಟ್ಟರೆ ಈ ವರ್ಷ ಇಲ್ಲಿಯವರೆಗಿನ ವೇರಿಯಬಲ್, ಸುಮಾರು 1.2 ಲಕ್ಷ, ಕೈತಪ್ಪುತ್ತದೆ. ಅದನ್ನು ಜಾಯಿನಿಂಗ್ ಬೋನಸ್ ಆಗಿ ಪರಿಗಣಿಸಲು ವಿನಂತಿ. ಬ್ರೇಕಪ್ ಬಂದ ಮೇಲೆ ಅಂತಿಮವಾಗಿ ತಿಳಿಸುತ್ತೇನೆ.

ಕೈತಪ್ಪುವ ವೇರಿಯಬಲ್ ಅನ್ನು ಫಿಕ್ಸೆಡ್‌ಗೆ ಸೇರಿಸಿ ಕೇಳದೆ ಬೇರೆಯಾಗಿ ಕೇಳಿದ್ದನ್ನು ಗಮನಿಸಿ. ಒಂದೇ ಸಲದ ನಷ್ಟಕ್ಕೆ ಒಂದೇ ಸಲದ ಹಣ ಕೇಳಿದರೆ ಕೊಡುವುದು ಅವರಿಗೂ ಹಗುರ, ಬ್ಯಾಂಡ್ ಕೆಡುವುದಿಲ್ಲ. ಆದರೆ ಜಾಯಿನಿಂಗ್ ಬೋನಸ್‌ಗೆ ವರ್ಷದೊಳಗೆ ಬಿಟ್ಟರೆ ಹಿಂದಿರುಗಿಸಬೇಕೆಂಬ ಷರತ್ತು ಸಾಮಾನ್ಯ. ತೆರಿಗೆ ಹಿಡಿದ ಮೇಲೆ ಕೈಗೆ ಬಂದ ಮೊತ್ತವನ್ನು ಕೊಡಬೇಕೋ ಪೂರ್ತಿ ಮೊತ್ತವನ್ನೋ ಎಂದು ಓದಿ ನೋಡಿ.

ಎದುರು ಬರುವ ಮಾತುಗಳು

"ನಮ್ಮ ಪಾಲಿಸಿ ಪ್ರಕಾರ 30% ಮೇಲೆ ಹೈಕ್ ಕೊಡಕ್ಕಾಗಲ್ಲ." ಇದು ಅತಿ ಹೆಚ್ಚು ಕೇಳಿಬರುವ ಮಾತು. ಇದಕ್ಕೆ ವಾದ ಬೇಡ, ಒಂದು ಪ್ರಶ್ನೆ ಸಾಕು: "30% ಯಾವುದರ ಮೇಲೆ, ಬಂದ ಅಂಕಿ ಫಿಕ್ಸೆಡಾ ಸಿಟಿಸಿನಾ?" ನಮ್ಮ ಉದಾಹರಣೆಯಲ್ಲಿ ಈಗಿನ ಸಿಟಿಸಿ ಮೇಲೆ ಶೇ. 30 ಎಂದರೆ 20.8 ಲಕ್ಷ. ಅದೂ ಸಿಟಿಸಿಯೇ ಆಗಿ, ಶೇ. 15 ವೇರಿಯಬಲ್ ಆದರೆ ಉಳಿಯುವ ಫಿಕ್ಸೆಡ್ 17.68 ಲಕ್ಷ, ತಳದ ಅಂಕಿಗಿಂತ ಕೂದಲೆಳೆಯಷ್ಟು ಮೇಲೆ. ಫಿಕ್ಸೆಡ್ ಮೇಲೆ ಶೇ. 30 ಎಂದರೆ 18.72 ಲಕ್ಷ ಫಿಕ್ಸೆಡ್, ಗುರಿಗೆ ಹತ್ತಿರ. ಒಂದೇ ಪಾಲಿಸಿ, ಒಂದೇ ಶೇಕಡಾವಾರು. ನಡುವಿನ ಅಂತರ ವರ್ಷಕ್ಕೆ ಲಕ್ಷಕ್ಕೂ ಮೇಲೆ. "ಫಿಕ್ಸೆಡ್‌ನಿಂದ ಫಿಕ್ಸೆಡ್‌ಗೆ ಲೆಕ್ಕ ಹಾಕಿ" ಎಂದು ಕೇಳುವುದು ಪಾಲಿಸಿ ಮುರಿಯುವ ಬೇಡಿಕೆಯಲ್ಲ, ಆದ್ದರಿಂದಲೇ ಅದು ಕೆಲಸ ಮಾಡುತ್ತದೆ.

"ಅರ್ಜಿ ಹಾಕುವಾಗ 18 ಅಂತ ಹಾಕಿದ್ರಲ್ಲ?" ನೌಕರಿ ಪೋರ್ಟಲ್‌ನಲ್ಲಿ ತುಂಬಿದ ಅಂಕಿ ಅವರ ಕಣ್ಣ ಮುಂದೆ ಇರುತ್ತದೆ, ನಿರಾಕರಿಸಬೇಡಿ. ಸಂದರ್ಶನದಲ್ಲಿ ತಿಳಿದ ಒಂದು ನಿರ್ದಿಷ್ಟ ಸಂಗತಿಯನ್ನು ಮುಂದಿಡಿ: "ಆಗ ರೋಲ್ ಪೂರ್ತಿ ಗೊತ್ತಿರಲಿಲ್ಲ. ಮೂರನೇ ರೌಂಡ್‌ನಲ್ಲಿ ತಿಂಗಳಿಗೊಂದು ವಾರ ಆನ್-ಕಾಲ್ ಇದೆ, ಇಬ್ಬರು ಜೂನಿಯರ್‌ಗಳನ್ನು ನೋಡ್ಕೋಬೇಕು ಅಂದ್ರು. ಅದಕ್ಕೆ 20 ಹೇಳ್ತಿದ್ದೀನಿ." ಅಂಥ ಸಂಗತಿ ಇಲ್ಲದಿದ್ದರೆ ಹಳೆಯ ಅಂಕಿ ಫಿಕ್ಸೆಡ್ ಎಂದು ಸ್ಪಷ್ಟಪಡಿಸಿ ಅಲ್ಲಿಗೇ ನಿಲ್ಲುವುದು ವಾಸಿ.

ಈಗಿನ ಸಂಬಳವನ್ನು ಉಬ್ಬಿಸಿ ಹೇಳುವ ಚಾಳಿ ಇದೆ. ಭಾರತದಲ್ಲಿ ಹಿಂದಿನ ಸಂಬಳ ಕೇಳುವುದಕ್ಕೆ ಕಾನೂನಿನ ತಡೆಯಿಲ್ಲ. ಕಂಪನಿಗಳು ಸಾಮಾನ್ಯವಾಗಿ ಮೂರು ತಿಂಗಳ ಸಂಬಳ ಚೀಟಿ, ಇನ್‌ಕ್ರಿಮೆಂಟ್ ಲೆಟರ್, ಕೆಲವೊಮ್ಮೆ ಫಾರ್ಮ್ 16 ಕೇಳುತ್ತವೆ, ಸೇರಿದ ಮೇಲೂ ಹಿನ್ನೆಲೆ ಪರಿಶೀಲನೆ ಮುಂದುವರಿಯಬಹುದು. ಹಳೆಯ ಕೆಲಸಕ್ಕೆ ರಾಜೀನಾಮೆ ಕೊಟ್ಟ ಮೇಲೆ ಸುಳ್ಳು ಸಿಕ್ಕಿಬಿದ್ದರೆ ಎರಡೂ ಕಡೆ ಕೈ ಬಿಡುತ್ತದೆ. ಎರಡು ತಿಂಗಳಲ್ಲಿ ಬರಲಿರುವ ಇನ್‌ಕ್ರಿಮೆಂಟ್ ಇದ್ದರೆ ಅದನ್ನು ಈಗಿನ ಸಂಬಳಕ್ಕೆ ಕೂಡಿಸದೆ, "ಏಪ್ರಿಲ್‌ನಲ್ಲಿ ಪರಿಷ್ಕರಣೆ ಬಾಕಿ ಇದೆ" ಎಂದು ಪ್ರತ್ಯೇಕವಾಗಿ ಹೇಳಿ.

ಕರೆ ಮಾಡಿದವರು ಕಂಪನಿಯವರಲ್ಲ, ಕನ್ಸಲ್ಟೆನ್ಸಿಯವರಾಗಿದ್ದರೆ ಇನ್ನಷ್ಟು ಎಚ್ಚರ ಬೇಕು. ಅವರ ಕಮಿಷನ್ ಬಹುತೇಕ ನಿಮ್ಮ ವಾರ್ಷಿಕ ಸಂಬಳದ ಒಂದು ಪಾಲು, ಹಾಗಾಗಿ ನಿಮ್ಮ ಅಂಕಿ ಏರಿದರೆ ಅವರಿಗೂ ಲಾಭವೇ. ಆದರೆ ನೀವು ಸೇರದಿದ್ದರೆ ಅವರಿಗೆ ಏನೂ ಸಿಗದು. ಆದ್ದರಿಂದ ಅಂಕಿ ಇಳಿಸಿಯಾದರೂ ಬೇಗ ಮುಗಿಸಲು ನೋಡುತ್ತಾರೆ. ನಿಮ್ಮ ಮೇಲ್ ಅನ್ನು ಇದ್ದಹಾಗೇ ಕಂಪನಿಗೆ ಕಳಿಸಲು ಕೇಳಿ.

ಉತ್ತರ ಕೊಟ್ಟ ಮೇಲೆ

ನಾಲ್ಕೈದು ಕೆಲಸದ ದಿನ ಸುದ್ದಿ ಇಲ್ಲದಿದ್ದರೆ ಗಾಬರಿಯಾಗಿ ಅಂಕಿ ಇಳಿಸಿ ಮೇಲ್ ಹಾಕಬೇಡಿ. ಅನುಮೋದನೆ ಮೂರ್ನಾಲ್ಕು ಕಡೆ ಹೋಗಿ ಬರಲು ಅಷ್ಟು ಸಮಯ ಬೇಕಾಗುತ್ತದೆ. "ಅನುಮೋದನೆ ಯಾವ ಹಂತದಲ್ಲಿದೆ?" ಎಂದು ಒಂದು ಸಾಲು ಕೇಳಿ. ಬಜೆಟ್ ಸಾಲದು ಎಂದರೆ, ಇಳಿಯುವುದು ಗುರಿಯವರೆಗೆ, ಅದೂ ಬದಲಿಗೆ ಒಂದನ್ನು ಕೇಳಿಕೊಂಡು: "ಫಿಕ್ಸೆಡ್ 19 ಆದ್ರೆ ಸರಿ, ವಾರಕ್ಕೆ ಎರಡು ದಿನ ಮನೆಯಿಂದ ಕೆಲಸ ಅಂತ ಆಫರ್ ಲೆಟರ್‌ನಲ್ಲಿ ಬರೆದುಕೊಡಿ." 17.5ಕ್ಕಿಂತ ಕೆಳಗೆ ಬಂದರೆ ಉತ್ತರ ಮೊದಲೇ ನಿಮ್ಮ ಚೀಟಿಯಲ್ಲಿದೆ.

ಫೋನಿನಲ್ಲಿ "ಅಪ್ರೂವ್ ಆಯ್ತು, ರಿಸೈನ್ ಮಾಡಿ" ಎಂದರೂ ಬ್ರೇಕಪ್ ಸಮೇತ ಆಫರ್ ಲೆಟರ್ ಮೇಲ್‌ಗೆ ಬರುವವರೆಗೆ ರಾಜೀನಾಮೆ ಕಳಿಸಬೇಡಿ. ಬಂದ ದಿನ ಮೇಲಿನ ಕೋಷ್ಟಕದ "ಹೊಸ ಆಫರ್" ಕಾಲಂನಲ್ಲಿ ಅವರ ಅಂಕಿಗಳನ್ನು ತುಂಬಿ, ಕೊನೆಯ ಸಾಲು ಎಷ್ಟೆಂದು ನೋಡಿ. ಅವರ ಫಿಕ್ಸೆಡ್ ನೀವು ಮೇಲ್‌ನಲ್ಲಿ ಬರೆದ ಫಿಕ್ಸೆಡ್‌ಗೆ ಹೊಂದದಿದ್ದರೆ, ಅದೇ ಮೇಲ್‌ಗೆ ಉತ್ತರವಾಗಿ ಯಾವ ಸಾಲಿನಲ್ಲಿ ಎಷ್ಟು ಕಡಿಮೆ ಇದೆ ಎಂದು ಬರೆದು ಕಳಿಸಿ.